ಮೂರು ಲಕ್ಷವೂ ಅಲ್ಲ, ತೊಂಬತ್ತು ಸಾವಿರವೂ ಅಲ್ಲ

ವಿದೇಶದ ಸಂಬಳವನ್ನು ಅಳೆಯಲು ನಮ್ಮ ಕೋಲಾರದ ಕಡೆ ಎರಡು ಪದ್ಧತಿಗಳು ಚಾಲ್ತಿಯಲ್ಲಿವೆ. ಒಂದು ಮುಳಬಾಗಿಲು, ಶ್ರೀನಿವಾಸಪುರದ ಏಜೆಂಟರದು. ಆಫರ್ ಲೆಟರಿನಲ್ಲಿರುವ ಅಂಕಿಯನ್ನು ಅವತ್ತಿನ ವಿನಿಮಯ ದರದಿಂದ ಗುಣಿಸಿ, "ಹತ್ತತ್ರ ಮೂರು ಲಕ್ಷ ಬರ್ತದಮ್ಮ, ಇನ್ನೇನು ಬೇಕು?" ಅನ್ನುವುದು. ಇನ್ನೊಂದು ಮಾಲೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಐಟಿ ಹುಡುಗರದು. ಅವರು ಅದೇ ಅಂಕಿಯನ್ನು ಪಿಪಿಪಿ ಕ್ಯಾಲ್ಕುಲೇಟರಿಗೆ ಹಾಕಿ, "ಅಲ್ಲಿನ ಮೂರು ಲಕ್ಷ ಇಲ್ಲಿನ ತೊಂಬತ್ತು ಸಾವಿರಕ್ಕೆ ಸಮ ಅಷ್ಟೇ, ಅದಕ್ಕೆ ಅಷ್ಟು ದೂರ ಹೋಗಬೇಕಾ?" ಎಂದು ನಗುತ್ತಾರೆ. ಮೊದಲನೆಯದನ್ನು ಹಳ್ಳಿಯ ಆಸೆ ಎಂದೂ ಎರಡನೆಯದನ್ನು ಓದಿದವರ ವಿವೇಕ ಎಂದೂ ಎಣಿಸುವುದು ರೂಢಿ. ನನಗೆ ಎರಡರ ಮೇಲೂ ತಕರಾರಿದೆ. ಹೆಚ್ಚಿನ ತಕರಾರು ಇರುವುದು ಎರಡನೆಯದರ ಮೇಲೆ, ಯಾಕೆಂದರೆ ಅದರ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಪಿಪಿಪಿ, ಅಂದರೆ ಕೊಳ್ಳುವ ಶಕ್ತಿಯ ಸಮಾನತೆ, ಸಂಬಳ ಹೋಲಿಸಲು ಹುಟ್ಟಿದ ಲೆಕ್ಕವೇ ಅಲ್ಲ. 1968ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಕ್ರಾವಿಸ್ ಮತ್ತು ಅವರ ಜೊತೆಗಾರರು ಶುರು ಮಾಡಿದ ಕೆಲಸ ಅದು. ದೇಶದೇಶಗಳ ಒಟ್ಟು ಉತ್ಪನ್ನವನ್ನು ಹೋಲಿಸುವಾಗ ವಿನಿಮಯ ದರ ದಾರಿ ತಪ್ಪಿಸುತ್ತದೆ ಎಂದು ಕಂಡು, ಅಕ್ಕಿಯಿಂದ ಹಿಡಿದು ಬಾಡಿಗೆ, ಚಿಕಿತ್ಸೆ, ಕಟ್ಟಡ, ಯಂತ್ರದವರೆಗೆ ಎಲ್ಲದರ ಬೆಲೆ ಕಲೆಹಾಕಿ ಒಂದು ಹೊಸ ದರ ಕಟ್ಟಿದರು. ಈಗ ಅದನ್ನು ವಿಶ್ವಬ್ಯಾಂಕ್ ನಡೆಸುತ್ತದೆ. 2021ನೇ ವರ್ಷದ ಸುತ್ತಿನ ಫಲಿತಾಂಶ 2024ರಲ್ಲಿ ಹೊರಬಂತು. ಅದರ ಪ್ರಕಾರ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸರಕು, ಸೇವೆ ಭಾರತದಲ್ಲಿ ಸುಮಾರು 20 ರೂಪಾಯಿಗೆ ಸಿಗುತ್ತದೆ. ಆ ವರ್ಷ ಬ್ಯಾಂಕಿನಲ್ಲಿ ಡಾಲರ್ ಕೊಳ್ಳಲು 74 ರೂಪಾಯಿ ಕೊಡಬೇಕಿತ್ತು.

ಇಷ್ಟು ದೊಡ್ಡ ಅಂತರ ಎಲ್ಲಿಂದ ಬಂತು? ಕ್ಷೌರದಂಗಡಿಗೆ ಹೋದರೆ ಗೊತ್ತಾಗುತ್ತದೆ. ಮಾಲೂರಿನಲ್ಲಿ ನೂರು ರೂಪಾಯಿಗೆ ಆಗುವ ಕ್ಷೌರವನ್ನು ಜರ್ಮನಿಗೆ ಸಾಗಿಸಿ ಮಾರಲಾಗದು. ಹಾಗಾಗಿ ಕೂಲಿ ಕಡಿಮೆ ಇರುವ ಊರಿನಲ್ಲಿ ಅದು ಅಗ್ಗವಾಗಿಯೇ ಉಳಿಯುತ್ತದೆ. ಆಟೋ, ಟ್ಯೂಷನ್, ಮನೆಗೆಲಸ, ಬಾಡಿಗೆ, ಹೋಟೆಲಿನ ದೋಸೆ ಎಲ್ಲವೂ ಹೀಗೆಯೇ. ಗಡಿ ದಾಟಬಲ್ಲ ವಸ್ತುಗಳ ಕಥೆ ಬೇರೆ. ನರಸಾಪುರದ ಕಾರ್ಖಾನೆಯಲ್ಲಿ ಐಫೋನ್ ಜೋಡಿಸುತ್ತಾರೆ, ಆದರೆ ಅದೇ ಫೋನು ಕೋಲಾರದ ಅಂಗಡಿಯಲ್ಲಿ ಅಮೆರಿಕಕ್ಕಿಂತ ದುಬಾರಿ. ಅಂದರೆ ಪಿಪಿಪಿ ತೋರಿಸುವ ಅಗ್ಗ ಮುಖ್ಯವಾಗಿ ಸೇವೆಗಳ ಅಗ್ಗ. ಇದನ್ನು ನೆನಪಿಟ್ಟುಕೊಂಡು ಒಂದು ಸಂಬಳದ ಲೆಕ್ಕಕ್ಕೆ ಇಳಿಯೋಣ.

ಶ್ರೀನಿವಾಸಪುರ ತಾಲ್ಲೂಕಿನ ಒಬ್ಬ ಹುಡುಗಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಎರಡು ವರ್ಷ ದುಡಿದಿದ್ದಾಳೆ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಮಾವಿನ ತೋಟ, ನೀರು ಬಾರದ ಬೋರ್‌ವೆಲ್ಲಿನ ಸಾಲ, ಮದುವೆಗಿರುವ ತಂಗಿ. ಅವಳ ಮುಂದೆ ಮೂರು ಕೆಲಸಗಳಿವೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೈಗೆ 28,000 ರೂಪಾಯಿ. ರಿಯಾದಿನಲ್ಲಿ 4,500 ರಿಯಾಲ್, ವಸತಿ ಆಸ್ಪತ್ರೆಯದೇ. ಜರ್ಮನಿಯ ಒಂದು ಸಣ್ಣ ಪಟ್ಟಣದಲ್ಲಿ 3,200 ಯೂರೋ. ಅಂಕಿಗಳು ಲೆಕ್ಕಕ್ಕೆಂದು ಇಟ್ಟವು, ಆದರೆ ಮಾರುಕಟ್ಟೆಯ ಮಾತಿಗೆ ದೂರವಲ್ಲ.

ಏಜೆಂಟರ ಲೆಕ್ಕ ಹೀಗಿರುತ್ತದೆ. ಯೂರೋಗೆ 90 ರೂಪಾಯಿ ಹಿಡಿದರೆ ಜರ್ಮನಿ 2,88,000. ರಿಯಾಲಿಗೆ 22 ಹಿಡಿದರೆ ಸೌದಿ 99,000. ಜರ್ಮನಿ ಮೂರು ಪಟ್ಟು. ಪಿಪಿಪಿ ಲೆಕ್ಕದಲ್ಲಿ ಒಂದು ಯೂರೋ ಹೆಚ್ಚುಕಮ್ಮಿ 28 ರೂಪಾಯಿ, ಒಂದು ರಿಯಾಲ್ 10 ರೂಪಾಯಿ. ಜರ್ಮನಿ 89,600, ಸೌದಿ 45,000. ಈಗ ಜರ್ಮನಿ ಎರಡು ಪಟ್ಟು. ಬೆಂಗಳೂರಿನ 28,000ದ ಪಕ್ಕದಲ್ಲಿ ಸೌದಿಯ ಹೆಚ್ಚಳ ಬರೀ 17,000 ಎಂದು ಕಾಣುತ್ತದೆ.

ಆದರೆ ಹುಡುಗಿಯ ಅಪ್ಪ ಈ ಎರಡನ್ನೂ ಕೇಳುವುದಿಲ್ಲ. "ತಿಂಗಳಿಗೆ ಎಷ್ಟು ಕಳಿಸೋಕಾಗ್ತದಮ್ಮ?" ಎಂದು ಕೇಳುತ್ತಾನೆ. ಅರ್ಥಶಾಸ್ತ್ರದ ಹೆಸರಿಲ್ಲದ ಈ ಪ್ರಶ್ನೆ ಎರಡೂ ಪದ್ಧತಿಗಳಿಗಿಂತ ಚುರುಕಾದದ್ದು, ಯಾಕೆಂದರೆ ಅದು ಸಂಬಳವನ್ನು ಎರಡಾಗಿ ಸೀಳುತ್ತದೆ. ಅಲ್ಲೇ ಖರ್ಚಾಗುವ ಪಾಲನ್ನು ಅಲ್ಲಿನ ಬೆಲೆಯಲ್ಲೇ ಅಳೆಯಬೇಕು. ಊರಿಗೆ ಬರುವ ಪಾಲಿಗೆ ಬ್ಯಾಂಕು ಯಾವ ದರ ಕೊಡುತ್ತದೋ ಅದೇ ದರ. ಯಾವ ಬ್ಯಾಂಕೂ ಪಿಪಿಪಿ ದರದಲ್ಲಿ ಯೂರೋ ಬದಲಾಯಿಸಿ ಕೊಡುವುದಿಲ್ಲ.

ಸೀಳಿ ನೋಡೋಣ. ಜರ್ಮನಿಯಲ್ಲಿ ಮದುವೆಯಾಗದವರಿಗೆ 3,200 ಯೂರೋದಲ್ಲಿ ಆದಾಯ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ ಎಲ್ಲ ಕಳೆದು ಕೈಗೆ ಬರುವುದು ಸುಮಾರು 2,150. ಆಫರ್ ಲೆಟರ್ ಹಿಡಿದು ಗುಣಿಸುವವರು ಇಲ್ಲೇ ಮೊದಲ ಏಟು ತಿನ್ನುತ್ತಾರೆ. (ಕಡಿತವಾದದ್ದೆಲ್ಲ ನೀರಿನಲ್ಲಿ ಮಾಡಿದ ಹೋಮವಲ್ಲ. ಕಾಯಿಲೆ ಬಿದ್ದರೆ ಆ ವಿಮೆಯೇ ನೋಡಿಕೊಳ್ಳುತ್ತದೆ. ಐದು ವರ್ಷ ಪಿಂಚಣಿ ಕಂತು ಕಟ್ಟಿದರೆ ವಯಸ್ಸಾದ ಮೇಲೆ ಅದರ ಹಕ್ಕೂ ಬರುತ್ತದೆ.) ಚಳಿಗಾಲದ ಹೀಟಿಂಗ್ ಸೇರಿದ ಒಂದು ಕೋಣೆಯ ಬಾಡಿಗೆ, ಊಟ, ಬಸ್ಸು ರೈಲಿನ ಪಾಸು, ಫೋನು, ಬಟ್ಟೆ ಎಂದು 1,200 ಯೂರೋ ಖರ್ಚಿಗೆ ಇಡಿ. ಉಳಿಯುವುದು 950 ಯೂರೋ, ಊರಿಗೆ ಬಂದರೆ 85,500 ರೂಪಾಯಿ. ರಿಯಾದಿನಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ಬಾಡಿಗೆ ಇಲ್ಲ. ಊಟ, ಫೋನು, ಇತರೆ ಎಂದು ಸಾವಿರ ರಿಯಾಲ್ ಕಳೆದರೆ 3,500 ಉಳಿಯುತ್ತದೆ, 77,000 ರೂಪಾಯಿ. ಇದರ ಮೇಲೆ ಸೌದಿ ಕಾರ್ಮಿಕ ಕಾನೂನಿನಂತೆ ಮೊದಲ ಐದು ವರ್ಷ ವರ್ಷಕ್ಕೆ ಅರ್ಧ ತಿಂಗಳ ಸಂಬಳ ಗ್ರಾಚ್ಯುಟಿಯಾಗಿ ಸೇರುತ್ತಾ ಹೋಗುತ್ತದೆ. ಬೆಂಗಳೂರಿನಲ್ಲಿ ಪಿಜಿ, ಊಟ, ಓಡಾಟಕ್ಕೆ 13,000 ಕಳೆದರೆ 15,000 ಉಳಿದರೆ ಹೆಚ್ಚು.

ಒಂದು ಪದ್ಧತಿ ಮೂರು ಪಟ್ಟು ಎಂದ, ಇನ್ನೊಂದು ಎರಡು ಪಟ್ಟು ಎಂದ ಜರ್ಮನಿ ಮತ್ತು ಸೌದಿ ಈಗ ಹತ್ತಿರ ಹತ್ತಿರ ನಿಂತಿವೆ. ಪಿಪಿಪಿ ಕಣ್ಣಿಗೆ ಅಲ್ಪ ಹೆಚ್ಚಳವಾಗಿದ್ದ ಸೌದಿ, ಕಳಿಸುವ ಹಣದಲ್ಲಿ ಬೆಂಗಳೂರಿನ ಐದು ಪಟ್ಟು. ಮಾಲೂರಿನ ಹುಡುಗರ ನಗು ಇಲ್ಲಿ ಒಣಗುತ್ತದೆ. ಉಳಿತಾಯಕ್ಕೇ ದುಡಿಯಲು ಹೋಗುವವರ ಪೂರ್ತಿ ಸಂಬಳವನ್ನು ಅಲ್ಲೇ ತಿಂದು ಮುಗಿಸುವವರ ಸಂಬಳದಂತೆ ಎಣಿಸುವುದು ಆ ಪದ್ಧತಿಯ ಮೂಲ ದೋಷ. ಆಸ್ಪತ್ರೆಯೇ ಮನೆ ಕೊಟ್ಟಾಗಲೂ ಅದು ರಿಯಾದಿನ ಬಾಡಿಗೆಯ ಭಾರವನ್ನು ಅವಳ ತಲೆಗೆ ಕಟ್ಟುತ್ತದೆ.

ಬಂದ ಹಣ ಯಾತಕ್ಕೆ ಹೋಗುತ್ತದೆ ಎಂದೂ ನೋಡಬೇಕು. ಕೋಲಾರದ ಕಡೆ ಇಂಥ ಹಣ ಕ್ಷೌರಕ್ಕೆ, ದೋಸೆಗೆ ಹೋಗುವುದಿಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್ಲಿನ ಸಾಲಕ್ಕೆ, ತಂಗಿಯ ಮದುವೆಯ ಚಿನ್ನಕ್ಕೆ, ಒಂದು ಸೈಟಿಗೆ ಹೋಗುತ್ತದೆ. ಚಿನ್ನದ ಬೆಲೆ ಜಗತ್ತಿನದು, ಅದರ ಮೇಲೆ ನಮ್ಮ ಆಮದು ಸುಂಕ ಬೇರೆ. ಭೂಮಿಯಂತೂ ಪಿಪಿಪಿಯ ಬೆಲೆಪಟ್ಟಿಯಲ್ಲೇ ಇಲ್ಲ. ಅದು ಮನೆ ಬಾಡಿಗೆ ಎಣಿಸುತ್ತದೆ, ಜಮೀನಿನ ಕ್ರಯ ಎಣಿಸುವುದಿಲ್ಲ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳ ಸುತ್ತ ಸೈಟು ಕೇಳಿ ಬಂದವರಿಗೆ 'ಭಾರತ ಅಗ್ಗದ ದೇಶ' ಎಂದು ಹೇಳಿ ನೋಡಿ. ಇನ್ನು 20 ರೂಪಾಯಿ ಅನ್ನುವುದೂ ಇಡೀ ದೇಶದ ಸರಾಸರಿ. ಶ್ರೀನಿವಾಸಪುರದ ಬಾಡಿಗೆ ಮನೆಗೂ ಬೆಂಗಳೂರಿನ ವೈಟ್‌ಫೀಲ್ಡಿನ ಬಾಡಿಗೆ ಮನೆಗೂ ಅದು ಒಂದೇ ದರ ಹೇಳುತ್ತದೆ.

ಹಾಗಂತ ಏಜೆಂಟರೇ ಸರಿ ಎನ್ನಲಾರೆ. ಅವರ ಗುಣಾಕಾರ ಜೀವನದ ಬಗ್ಗೆ ಏನೂ ಹೇಳುವುದಿಲ್ಲ. 2022ರಲ್ಲಿ 80 ರೂಪಾಯಿಯ ಆಸುಪಾಸಿನಲ್ಲಿದ್ದ ಯೂರೋ 2025ರಲ್ಲಿ ನೂರು ದಾಟಿತು. ಅದೇ 3,200 ಯೂರೋ 2,56,000ದಿಂದ 3,20,000ಕ್ಕೆ ಏರಿತು, ಆದರೆ ಜರ್ಮನಿಯ ಅಡುಗೆಮನೆಗೆ ಒಂದು ಬ್ರೆಡ್ಡೂ ಹೆಚ್ಚು ಬರಲಿಲ್ಲ. ರಿಯಾಲ್ ಮಾತ್ರ 1986ರಿಂದ ಡಾಲರಿಗೆ 3.75ರಂತೆ ಕಟ್ಟಿಕೊಂಡಿದೆ, ರೂಪಾಯಿ ಡಾಲರಿನ ಎದುರು ಇಳಿದಷ್ಟೂ ಅದು ಏರುತ್ತದೆ.

ಸಂಸಾರ ಜೊತೆಗೆ ಹೊರಟರೆ ಇಡೀ ಲೆಕ್ಕ ತಿರುಗಿ ಬೀಳುತ್ತದೆ. ಗಂಡ, ಇಬ್ಬರು ಮಕ್ಕಳು ರಿಯಾದಿಗೆ ಹೋದರೆ ಸೌದಿ ಸರ್ಕಾರಕ್ಕೆ ತಲೆಗೆ ತಿಂಗಳಿಗೆ 400 ರಿಯಾಲ್ ಅವಲಂಬಿತರ ಶುಲ್ಕ, ಒಟ್ಟು 1,200. ಆಸ್ಪತ್ರೆಯ ಹಾಸ್ಟೆಲ್ ಬಿಟ್ಟು ಮನೆ ಹಿಡಿದರೆ ಬಾಡಿಗೆ 1,800 ಎಂದಿಡಿ. 3,500ರ ಉಳಿತಾಯ 500ಕ್ಕೆ ಇಳಿಯಿತು, ಶಾಲೆಯ ಫೀಸು ಮತ್ತು ಮೂವರ ಊಟ ಇನ್ನೂ ಬಾಕಿ. ಜರ್ಮನಿಯಲ್ಲಿ ಸರ್ಕಾರಿ ಶಾಲೆಗೆ ಫೀಸಿಲ್ಲ, ಸಂಪಾದನೆ ಇಲ್ಲದ ಗಂಡ ಮತ್ತು ಮಕ್ಕಳು ಅವಳ ಆರೋಗ್ಯ ವಿಮೆಯೊಳಗೇ ಬರುತ್ತಾರೆ, ಮಗುವಿಗೆ ತಿಂಗಳಿಗಿಷ್ಟು ಎಂದು ಸರ್ಕಾರವೇ ಕೊಡುತ್ತದೆ, 2025ರಲ್ಲಿ ಅದು 255 ಯೂರೋ ಇತ್ತು, ತೆರಿಗೆಯೂ ಇಳಿಯುತ್ತದೆ. ದೊಡ್ಡ ಮನೆಯ ಬಾಡಿಗೆ ಇದರಲ್ಲಿ ಬಹುಪಾಲು ನುಂಗಿದರೂ ಬದುಕು ನಡೆಯುತ್ತದೆ. ಎಲ್ಲ ಖರ್ಚೂ ಅಲ್ಲೇ ಆಗುವ ಇಂಥ ಸ್ಥಿತಿಯಲ್ಲಿ ಪಿಪಿಪಿಯ ನೋಟಕ್ಕೆ ಬೆಲೆ ಬರುತ್ತದೆ, ವಿನಿಮಯ ದರದ ಲೆಕ್ಕ ಬರೀ ಸದ್ದಾಗುತ್ತದೆ. ಆಗಲೂ ದೇಶದ ಸರಾಸರಿಗಿಂತ ಆ ಪಟ್ಟಣದ ಬಾಡಿಗೆ ಎಷ್ಟು ಎಂದು ಕೇಳುವುದೇ ಮೇಲು. ಮ್ಯೂನಿಕ್ ನಗರದ 3,200ಕ್ಕೂ ಪೂರ್ವ ಜರ್ಮನಿಯ ಸಣ್ಣ ಊರಿನ 3,200ಕ್ಕೂ ತುಂಬಾ ವ್ಯತ್ಯಾಸವಿದೆ.

ಇನ್ನೊಂದು ಅಂಶ ಎರಡೂ ಪದ್ಧತಿಗಳಿಗೆ ಕಾಣದೇ ಉಳಿದಿದೆ. ಇಬ್ಬರೂ ಸಂಬಳವನ್ನು ಮೊದಲ ದಿನದಿಂದಲೇ ಎಣಿಸುತ್ತಾರೆ. ಜರ್ಮನಿಗೆ ಹೋಗುವ ನರ್ಸ್ ಮೊದಲು ಜರ್ಮನ್ ಭಾಷೆಯ ಬಿ1 ಅಥವಾ ಬಿ2 ಹಂತ ದಾಟಬೇಕು. ಬೆಂಗಳೂರಿನಲ್ಲಿ ಕೂತು ಕಲಿಯುವ ಆ ತಿಂಗಳುಗಳಲ್ಲಿ ಸಂಪಾದನೆ ಕಡಿಮೆ ಅಥವಾ ಇಲ್ಲ. ಅಲ್ಲಿಗೆ ಹೋದ ಮೇಲೂ ಇಲ್ಲಿನ ಪದವಿಗೆ ಅಲ್ಲಿನ ಮಾನ್ಯತೆ ಸಿಗುವತನಕ ಸಾಮಾನ್ಯವಾಗಿ ಸಹಾಯಕಿಯ ಸಂಬಳ. ಅದು 2,700 ಯೂರೋ ಎಂದಾದರೆ ಕೈಗೆ ಬರುವುದು ಸುಮಾರು 1,880. ಖರ್ಚು ಮಾತ್ರ ಅದೇ 1,200. ಉಳಿದ 680 ಯೂರೋ ಊರಿಗೆ ಬಂದಾಗ 61,200 ರೂಪಾಯಿ, ರಿಯಾದಿನಿಂದ ಬರುವುದಕ್ಕಿಂತ ತಿಂಗಳಿಗೆ 15,800 ಕಡಿಮೆ. ರಿಯಾದಿಗೂ ಡೇಟಾಫ್ಲೋ ದಾಖಲೆ ಪರಿಶೀಲನೆ, ಪ್ರೊಮೆಟ್ರಿಕ್ ಪರೀಕ್ಷೆ ಇವೆ, ಆದರೆ ಭಾಷೆಗೆಂದು ಅಷ್ಟು ತಿಂಗಳು ಕೂರಬೇಕಿಲ್ಲ. ಆದ್ದರಿಂದ ಜರ್ಮನಿಯ ಆಫರ್ ಲೆಟರಿನಲ್ಲಿ ಹುಡುಕಬೇಕಾದ ಸಾಲು 3,200 ಇರುವ ಸಾಲಲ್ಲ. ಮಾನ್ಯತೆಗೆ ಮುಂಚಿನ ಸಂಬಳ ಎಷ್ಟು, ಆ ಅವಧಿ ಎಷ್ಟು ತಿಂಗಳು, ಪರೀಕ್ಷೆಯಲ್ಲಿ ಒಮ್ಮೆ ಫೇಲಾದರೆ ಮುಂದೇನು ಎಂದು ಬರೆದಿರುವ ಸಾಲು. ಅದು ಇಲ್ಲದಿದ್ದರೆ ಬರೆಸಿಕೊಂಡ ಮೇಲೆಯೇ ಸಹಿ ಹಾಕುವುದು.