ಕೆಂಪು ಗೆರೆ ಬೀಳದ ತಪ್ಪುಗಳು

‘ಫ್ರಮ್’ ಎಂದು ಹೊಡೆಯಲು ಹೋಗಿ ‘ಫಾರ್ಮ್’ ಎಂದು ಹೊಡೆಯುವುದು ಇಂಗ್ಲಿಷಿನಲ್ಲಿ ಪತ್ರ ಬರೆಯುವ ಎಲ್ಲರ ಬೆರಳಿಗೂ ಅಂಟಿದ ರೋಗ. ಎರಡರಲ್ಲೂ ಅವೇ ನಾಲ್ಕು ಅಕ್ಷರಗಳು. ನಡುವಿನ ಆರ್ ಮತ್ತು ಓ ಹಿಂದುಮುಂದಾಗಿರುತ್ತವೆ, ಅಷ್ಟೆ. ‘ಬ್ಯಾಂಕಿನಿಂದ ಪತ್ರ ಬಂದಿದೆ’ ಎನ್ನುವ ವಾಕ್ಯದೊಳಗೆ ಸುಮ್ಮನೆ ಒಂದು ಅರ್ಜಿ ನಮೂನೆ ಬಂದು ಕೂತಿರುತ್ತದೆ. ಸ್ಪೆಲ್‌ಚೆಕರ್ ತುಟಿ ಪಿಟಕ್ಕೆನ್ನುವುದಿಲ್ಲ. ಆರ್ ಮತ್ತು ಓ ಬದಲು ಕೊನೆಯ ಓ ಮತ್ತು ಎಂ ಹಿಂದುಮುಂದಾಗಿದ್ದರೆ ಮಾತ್ರ ತಕ್ಷಣ ಕೆಂಪು ಗೆರೆ ಎಳೆಯುತ್ತಿತ್ತು. ಅದೇ ಬೆರಳು, ಅದೇ ಬಗೆಯ ತಪ್ಪು. ಒಂದು ಸಿಕ್ಕಿಬೀಳುತ್ತದೆ, ಇನ್ನೊಂದು ಪಾರಾಗುತ್ತದೆ.

ಯಾಕೆಂದರೆ ಸ್ಪೆಲ್‌ಚೆಕರ್ ವಾಕ್ಯವನ್ನು ಓದುವುದೇ ಇಲ್ಲ. ಅದರ ಬಳಿ ಒಂದು ಪದಪಟ್ಟಿ ಇರುತ್ತದೆ, ಜೊತೆಗೆ ಪದಕ್ಕೆ ಯಾವ ಪ್ರತ್ಯಯ ಹತ್ತುತ್ತದೆ ಎಂಬ ಕೆಲವು ನಿಯಮಗಳಿರುತ್ತವೆ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಮುಂತಾದವು ಬಳಸುವ ಹನ್‌ಸ್ಪೆಲ್ ನಡೆಯುವುದು ಈ ಎರಡು ಕಡತಗಳ ಮೇಲೆಯೇ: ಒಂದರಲ್ಲಿ ಪದಗಳು, ಇನ್ನೊಂದರಲ್ಲಿ ಪ್ರತ್ಯಯದ ನಿಯಮಗಳು. ನೀವು ಬರೆದ ಪದ ಪಟ್ಟಿಯಲ್ಲಿದೆಯೇ? ಇದ್ದರೆ ಸರಿ. ಮುಖ ನೋಡದೆ ಹಾಜರಿ ಕೂಗುವ ಮೇಷ್ಟರ ಹಾಗೆ, ‘ಬಂದೆ ಸಾರ್’ ಎಂದವರೆಲ್ಲ ಅದರ ಲೆಕ್ಕದಲ್ಲಿ ಹಾಜರು.

ಐಬಿಎಂನಲ್ಲಿದ್ದ ಫ್ರೆಡ್ ಡಾಮರೌ 1964ರಲ್ಲೇ ಒಂದು ವಿಷಯ ಗುರುತಿಸಿದ್ದರು. ಕಾಗುಣಿತದ ತಪ್ಪುಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಒಂದೇ ಒಂದು ಎಡವಟ್ಟಿನಿಂದ ಆದವು. ಒಂದು ಅಕ್ಷರ ಹೆಚ್ಚಾಗಿರುತ್ತದೆ, ಇಲ್ಲವೇ ಬಿಟ್ಟುಹೋಗಿರುತ್ತದೆ, ಇಲ್ಲವೇ ಬೇರೆಯದು ಬಂದಿರುತ್ತದೆ, ಇಲ್ಲವೇ ಅಕ್ಕಪಕ್ಕದ ಎರಡು ಅದಲುಬದಲಾಗಿರುತ್ತವೆ. ‘ಫ್ರಮ್’ ‘ಫಾರ್ಮ್’ ಆಗುವುದು ಈ ಕೊನೆಯ ಬಗೆ. ಉದ್ದ ಪದದಲ್ಲಿ ಹೀಗೆ ಎಡವಿದರೆ ಅರ್ಥವಿಲ್ಲದ ಅಕ್ಷರರಾಶಿ ಹುಟ್ಟುತ್ತದೆ, ಪಟ್ಟಿ ಅದನ್ನು ಹಿಡಿಯುತ್ತದೆ. ಚಿಕ್ಕ ಪದಗಳ ಸುತ್ತಮುತ್ತ ಮಾತ್ರ ಬೇರೆ ಪದಗಳು ಒತ್ತೊತ್ತಾಗಿ ಇರುವುದರಿಂದ ಒಂದರಿಂದ ಜಾರಿದವರು ಇನ್ನೊಂದರ ಮೇಲೆ ಬೀಳುವುದೇ ಹೆಚ್ಚು.

ಹಾಗಾದರೆ ಪದಪಟ್ಟಿಯನ್ನು ದೊಡ್ಡದು ಮಾಡಿದರಾಯಿತಲ್ಲ ಎನ್ನಿಸಬಹುದು. ಆಗುವುದು ಅದರ ತದ್ವಿರುದ್ಧ. ಜೇಮ್ಸ್ ಪೀಟರ್‌ಸನ್ 1986ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಪಟ್ಟಿ ಪುಟ್ಟದಾಗಿದ್ದಾಗ ಟೈಪಿಂಗ್ ತಪ್ಪುಗಳಲ್ಲಿ ನೂರಕ್ಕೆ ಎರಡರಷ್ಟು ಕಣ್ತಪ್ಪಿಸಿಕೊಳ್ಳುತ್ತವೆ. ಪಟ್ಟಿ ಮೂರೂವರೆ ಲಕ್ಷ ಪದಗಳಷ್ಟು ಬೆಳೆದಾಗ ಅದು ನೂರಕ್ಕೆ ಹತ್ತಿರಹತ್ತಿರ 16ಕ್ಕೆ ಏರುತ್ತದೆ. ಯಾರೂ ಬಳಸದ ಹಳೆಯ ಪದಗಳೆಲ್ಲ ಪಟ್ಟಿಗೆ ಸೇರಿದಷ್ಟೂ ತಪ್ಪಿಗೆ ಅಡಗಲು ಜಾಗ ಹೆಚ್ಚು. ಹಾಗೆಂದು ಪಟ್ಟಿಯನ್ನು ಕಿರಿದು ಮಾಡಿದರೆ ಸರಿಯಾದ ಪದಗಳಿಗೂ ಗೆರೆ ಬೀಳುತ್ತದೆ, ಬರೆಯುವವರು ಬೇಸತ್ತು ಆ ಸೌಲಭ್ಯವನ್ನೇ ಆರಿಸಿಬಿಡುತ್ತಾರೆ. ದೊಡ್ಡ ಪಟ್ಟಿಯೇ ಮೇಲು ಎನ್ನುವುದು ನನ್ನ ಮತ. ಆದರೆ ಅದು ಏನನ್ನು ಹಿಡಿಯಲಾರದು ಎಂಬುದು ಬರೆಯುವವರಿಗೆ ಗೊತ್ತಿರಬೇಕು.

ಈ ತಪ್ಪಿಗೆ ಯಂತ್ರವೇ ಕಾರಣ ಎಂದೇನೂ ಅಲ್ಲ. 1717ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಬ್ಯಾಸ್ಕೆಟ್ ಅಚ್ಚು ಹಾಕಿದ ಬೈಬಲ್‌ನ ಒಂದು ಪುಟದ ನೆತ್ತಿಯಲ್ಲಿ ದ್ರಾಕ್ಷಿತೋಟದ ದೃಷ್ಟಾಂತ ವಿನೆಗರ್ ದೃಷ್ಟಾಂತವಾಗಿಬಿಟ್ಟಿತ್ತು. ಇಂದಿಗೂ ಆ ಆವೃತ್ತಿಗೆ ‘ವಿನೆಗರ್ ಬೈಬಲ್’ ಎಂದೇ ಹೆಸರು.

ಇನ್ನು ನಮ್ಮ ಕನ್ನಡದ ಕತೆ. ನುಡಿ ಕೀಲಿಮಣೆಯಲ್ಲಿ ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ನ-ಣ, ಸ-ಶ, ದ-ಧಗಳದ್ದೂ ಇದೇ ಏರ್ಪಾಟು. ಅಂದರೆ ಶಿಫ್ಟ್ ಮೇಲಿನ ಬೆರಳು ಒಂದು ಕ್ಷಣ ತಡವಾದರೆ ಹುಳಿ ಹುಲಿಯಾಗುತ್ತದೆ, ಮಣೆ ಮನೆಯಾಗುತ್ತದೆ, ಕಾಳು ಕಾಲಾಗುತ್ತದೆ. ಎಲ್ಲವೂ ಅಪ್ಪಟ ಕನ್ನಡ ಪದಗಳೇ, ಯಾವುದಕ್ಕೂ ಗೆರೆಯಿಲ್ಲ. ಇದರ ಮೇಲೆ ನಮ್ಮ ಭಾಷೆಯಲ್ಲಿ ವಿಭಕ್ತಿ, ಕಾಲ, ಸಂಧಿ ಎಲ್ಲವೂ ಪದಕ್ಕೇ ಅಂಟಿಕೊಳ್ಳುತ್ತವೆ. ‘ಮನೆಯವರಿಗೂ’, ‘ಮನೆಯಲ್ಲಿದ್ದಾಗಲೇ’ ಎಂಬಂಥ ರೂಪಗಳನ್ನೆಲ್ಲ ಯಾವ ಪಟ್ಟಿಯೂ ಹಿಡಿಸಲಾರದು. ಹೀಗಾಗಿ ಕನ್ನಡದ ಪುಟದಲ್ಲಿ ಸರಿಯಾದ ಪದಗಳ ಕೆಳಗೇ ಎಷ್ಟೋ ಕೆಂಪು ಗೆರೆ ಬಿದ್ದಿರುತ್ತವೆ, ನಮ್ಮ ಕಣ್ಣು ಅವನ್ನು ಲೆಕ್ಕಕ್ಕಿಡುವುದನ್ನೇ ಬಿಟ್ಟಿರುತ್ತದೆ.

ಕನ್ನಡದ ‘ಫ್ರಮ್-ಫಾರ್ಮ್’ ಯಾವುದು ಎಂದು ಕೇಳಿದರೆ ನಾನು ಹೇಳುವುದು ‘ಪ್ರದಾನ-ಪ್ರಧಾನ’. ‘ಪ್ರಶಸ್ತಿ ಪ್ರಧಾನ ಸಮಾರಂಭ’ ಎಂಬ ಆಹ್ವಾನ ಪತ್ರಿಕೆಯನ್ನು, ಫ್ಲೆಕ್ಸನ್ನು ನೋಡದ ಊರಿಲ್ಲ. ಡಿಟಿಪಿ ಮಾಡಿದವರನ್ನು ಕೇಳಿ: “ಕಂಪ್ಯೂಟರ್ ತಪ್ಪು ಅಂತ ತೋರಿಸ್ಲೇ ಇಲ್ಲ ಸಾರ್” ಎನ್ನುತ್ತಾರೆ. ಅವರು ಹೇಳುವುದು ನಿಜ. ‘ಫ್ರಮ್’ನಲ್ಲಿ ಬೆರಳು ತಪ್ಪುತ್ತದೆ, ಇಲ್ಲಿ ಕಿವಿಯೂ ಕೈಕೊಡುತ್ತದೆ. ಆಡುಮಾತಿನಲ್ಲಿ ಮಹಾಪ್ರಾಣ ಒತ್ತಿ ಹೇಳುವವರು ಕಡಿಮೆ. ಬರೆಯುವಾಗ ಯಾವ ದ ಎಂಬ ಅನುಮಾನ ಬಂದರೆ ‘ಹೊಟ್ಟೆ ಸೀಳಿದ್ದೇ ಗಟ್ಟಿ’ ಎಂದುಕೊಂಡು ಧ ಹಾಕಿಬಿಡುತ್ತೇವೆ. ಹೆಚ್ಚು ಓದುವ ಪದ ‘ಪ್ರಧಾನಿ’ ಬೇರೆ ಕಣ್ಣಲ್ಲಿ ನಿಂತಿರುತ್ತದೆ.

ಇಂಥ ಅನುಮಾನ ಬಂದಾಗ ನಿಘಂಟು ತೆರೆಯುವುದರಲ್ಲೂ ಒಂದು ಕ್ರಮವಿದೆ. ‘ಪ್ರಧಾನ’ ಎಂಬ ಪದ ಇದೆಯೇ ಎಂದು ನೋಡಿ, ಇದೆ, ಹಾಗಾದರೆ ಸರಿ ಎಂದು ಪುಸ್ತಕ ಮುಚ್ಚಿದರೆ ಸ್ಪೆಲ್‌ಚೆಕರ್ ಮಾಡಿದ ಕೆಲಸವನ್ನೇ ನೀವು ಕೈಯಿಂದ ಮಾಡಿದಂತಾಯಿತು. ನೋಡಬೇಕಾದದ್ದು ಎರಡೂ ಪದಗಳನ್ನು. ಪ ಅಕ್ಷರದಲ್ಲಿ ಪೌ ದಾಟಿದ ಮೇಲೆ ಒತ್ತಕ್ಷರಗಳು ಬರುತ್ತವೆ, ಅಲ್ಲಿ ಪ್ರ ಹಿಡಿಯಿರಿ. ಪ್ರದಕ್ಷಿಣೆ, ಪ್ರದರ್ಶನ ಕಳೆದು ‘ಪ್ರದಾನ’ ಸಿಗುತ್ತದೆ: ನಾಮಪದ, ಕೊಡುವಿಕೆ. ಅಲ್ಲಿಂದ ಪ್ರದೀಪ, ಪ್ರದೇಶ, ಪ್ರದೋಷಗಳನ್ನು ದಾಟಿದರೆ ‘ಪ್ರಧಾನ’: ಮುಖ್ಯವಾದ, ಮುಖ್ಯವಾದುದು. ಈಗ ಪದವನ್ನು ತೆಗೆದು ಅರ್ಥವನ್ನು ನಿಮ್ಮ ವಾಕ್ಯದಲ್ಲಿ ಕೂರಿಸಿ ನೋಡಿ. ‘ಪ್ರಶಸ್ತಿ ಕೊಡುವಿಕೆಯ ಸಮಾರಂಭ’ ಕೂರುತ್ತದೆ. ‘ಪ್ರಶಸ್ತಿ ಮುಖ್ಯವಾದ ಸಮಾರಂಭ’ ಕೂರುವುದಿಲ್ಲ. ಇನ್ನೂ ಅನುಮಾನವಿದ್ದರೆ ಮೂಲಕ್ಕೆ ಹೋಗಿ. ಎರಡೂ ಸಂಸ್ಕೃತದವು. ಮೊದಲನೆಯದರಲ್ಲಿರುವುದು ಕೊಡು ಎಂಬ ಅರ್ಥದ ‘ದಾ’ ಧಾತು, ನಮ್ಮ ದಾನದಲ್ಲಿರುವುದೂ ಅದೇ. ಎರಡನೆಯದರಲ್ಲಿರುವುದು ಇಡು ಎಂಬ ಅರ್ಥದ ‘ಧಾ’. ಮುಂದೆ ಇಟ್ಟದ್ದು ಪ್ರಧಾನ. ದಾನವನ್ನು ಒಮ್ಮೆ ಒಳಗೆ ಕಂಡವರು ಮತ್ತೆ ತಪ್ಪುವುದಿಲ್ಲ.

ಕ್ರಿಯಾಪದವಾದರೆ ಮೊದಲು ಪ್ರತ್ಯಯ ಕಳಚಬೇಕು. ‘ಅಳೆದರು’ ನಿಘಂಟಿನಲ್ಲಿಲ್ಲ, ‘ಅಳೆ’ ಇದೆ. ‘ಕೊಟ್ಟ’ ಹುಡುಕುವವರು ‘ಕೊಡು’ವಿಗೆ ಹೋಗಬೇಕು. ಅಕ್ಷರಮಾಲೆಯಲ್ಲಿ ಳ ಬರುವುದು ಹ ಆದಮೇಲೆ. ಹೀಗಾಗಿ ‘ಅಲೆ’ಗೂ ‘ಅಳೆ’ಗೂ ನಡುವೆ ಎಷ್ಟೋ ಪುಟಗಳ ಅಂತರ; ಒಂದನ್ನು ಕಂಡ ಪುಟದಲ್ಲಿ ಇನ್ನೊಂದು ಇಲ್ಲವೆಂದು ಅದು ಪದವೇ ಅಲ್ಲ ಎಂದುಕೊಳ್ಳಬಾರದು. ಕ್ಷ, ಜ್ಞಗಳನ್ನು ಮಕ್ಕಳ ಅಕ್ಷರಮಾಲೆಯಂತೆ ಕೊನೆಯಲ್ಲಿ ಹುಡುಕಿ ಸೋತವರೂ ಇದ್ದಾರೆ. ನಿಘಂಟಿನಲ್ಲಿ ಅವು ಕ ಮತ್ತು ಜ ಅಕ್ಷರಗಳಲ್ಲೇ ಇರುತ್ತವೆ.

ಯಾವ ನಿಘಂಟು? ಅರ್ಥ ಮತ್ತು ಕಾಗುಣಿತ ಬೇಗ ನೋಡಲು ವಿ. ಕೃಷ್ಣ ಅವರ ‘ಅಲರ್’ ಕನ್ನಡ-ಇಂಗ್ಲಿಷ್ ಕೋಶ ಸಾಕು. 2019ರಿಂದ ಅದು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಒಂದು ಎಚ್ಚರ: ಅಂತರ್ಜಾಲದ ಹುಡುಕಾಟದಲ್ಲಿ ಹೆಚ್ಚುಕಡಿಮೆ ಅದೇ ಉಚ್ಚಾರದ ಪದಗಳೂ ಎದುರಿಗೆ ಬರಬಹುದು. ಮೇಲೆ ಬಂದ ಶೀರ್ಷಿಕೆ ನೀವು ಕೇಳಿದ ಪದವೇ ಹೌದೇ ಎಂದು ಅಕ್ಷರಕ್ಕಕ್ಷರ ನೋಡಿಕೊಳ್ಳಿ. ಪದವನ್ನು ಹಿಂದಿನವರು ಹೇಗೆ ಬಳಸಿದ್ದಾರೆ ಎಂದು ತಿಳಿಯಬೇಕಾದರೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ‘ಕನ್ನಡ ನಿಘಂಟು’ವಿಗೆ ಸಾಟಿಯಿಲ್ಲ. ಅದು ಅರ್ಥದ ಜೊತೆಗೆ ಶಾಸನ, ಕಾವ್ಯಗಳ ಪ್ರಯೋಗವನ್ನೂ ಕೊಡುತ್ತದೆ. 1894ರ ಕಿಟ್ಟೆಲ್ ನಿಘಂಟು ದೊಡ್ಡ ಕೆಲಸವೇ, ಆದರೆ ಇಂದಿನ ಆಡಳಿತ ಕನ್ನಡದ ಪದಗಳನ್ನು ಅಲ್ಲಿ ಹುಡುಕಬಾರದು. ಗೂಗಲ್‌ನಲ್ಲಿ ಹೊಡೆದು ಯಾವುದಕ್ಕೆ ಹೆಚ್ಚು ಫಲಿತಾಂಶ ಬರುತ್ತದೆ ಎಂದು ತೀರ್ಮಾನಿಸುವ ಅಭ್ಯಾಸ ನನಗೆ ಸುತರಾಂ ಒಪ್ಪಿಗೆಯಿಲ್ಲ. ತಪ್ಪೇ ಚಾಲ್ತಿಯಲ್ಲಿದ್ದರೆ ಎಣಿಕೆಯಲ್ಲಿ ಗೆಲ್ಲುವುದೂ ತಪ್ಪೇ.

ಇಂಗ್ಲಿಷಿಗೂ ಇದೇ ಕ್ರಮ. ನಮ್ಮ ಪೇಟೆಗಳ ‘ಬುಕ್ಸ್ ಅಂಡ್ ಸ್ಟೇಷನರಿ’ ಬೋರ್ಡುಗಳನ್ನು ನೋಡಿ, ಕೊನೆಯಲ್ಲಿ ಇ-ಆರ್-ವೈ ಇರಬೇಕಾದ ಕಡೆ ಎಷ್ಟೋ ಸಲ ಎ-ಆರ್-ವೈ ಇರುತ್ತದೆ. ನಿಘಂಟಿನಲ್ಲಿ ಎರಡೂ ಇವೆ. ಇಲ್ಲಿ ಪದವಿಭಾಗದ ಗುರುತು ಒಂದೇ ಸಾಕು: ಎ ಇರುವುದು ವಿಶೇಷಣ, ಚಲಿಸದೆ ನಿಂತದ್ದು; ಇ ಇರುವುದು ನಾಮಪದ, ಕಾಗದ-ಲೇಖನಿಗಳ ಸಾಮಾನು. ಅಂಗಡಿಯವನು ಮಾರುವುದು ವಸ್ತುವನ್ನಾದ್ದರಿಂದ ನಾಮಪದವೇ ಬೇಕು. ಎರಡಕ್ಕೂ ಮೂಲ ಒಂದೇ ಎಂಬುದು ತಮಾಷೆ. ತಲೆಯ ಮೇಲೆ ಹೊತ್ತು ತಿರುಗದೆ ಒಂದೆಡೆ ಅಂಗಡಿ ಹೂಡಿ ಪುಸ್ತಕ ಮಾರುತ್ತಿದ್ದವನೇ ಹಳೆಯ ಯುರೋಪಿನ ‘ಸ್ಟೇಷನರ್’.

ಅಕ್ಕಪಕ್ಕದ ಪದಗಳನ್ನು ನೋಡಿ ಅನುಮಾನಿಸುವ ತಂತ್ರಾಂಶಗಳೂ ಬಂದಿವೆ. ಮೈಕ್ರೋಸಾಫ್ಟ್ ವರ್ಡ್ 2007ರಲ್ಲೇ ಇಂಥ ತಪ್ಪಿಗೆ ನೀಲಿ ಗೆರೆ ಎಳೆಯಲು ಶುರುಮಾಡಿತು. ‘ಫ್ರಮ್-ಫಾರ್ಮ್’ ಅವಕ್ಕೆ ಸುಲಭದ ತುತ್ತು, ಏಕೆಂದರೆ ಒಂದು ಇರುವಲ್ಲಿ ಇನ್ನೊಂದು ವ್ಯಾಕರಣಕ್ಕೆ ಹೊಂದುವುದಿಲ್ಲ. ಆದರೆ ‘ಈ ವರ್ಷ ರಾಗಿ ಬೆಳೆ ಕುಸಿದಿದೆ’ ಎಂಬ ವಾಕ್ಯ ತೆಗೆದುಕೊಳ್ಳಿ. ವರದಿಗಾರ ಬರೆಯಹೊರಟದ್ದು ‘ಬೆಲೆ’ ಇರಬಹುದು. ವ್ಯಾಕರಣ ಸರಿಯಿದೆ, ಅರ್ಥವೂ ಇದೆ, ಸುದ್ದಿ ಮಾತ್ರ ಬೇರೆ. ನಿಘಂಟು ಎರಡು ಪದಗಳ ಅರ್ಥ ಹೇಳೀತು, ರೈತನ ಹೊಲದಲ್ಲಿ ಏನಾಯಿತೆಂದು ಹೇಳುವುದಿಲ್ಲ. ಅಲ್ಲಿ ವರದಿಗಾರನಿಗೇ ಫೋನ್ ಮಾಡಬೇಕು, ಇಲ್ಲವೇ ಎಪಿಎಂಸಿಯ ದರಪಟ್ಟಿ ನೋಡಬೇಕು.

ಎಲ್ಲ ಪದವನ್ನೂ ನಿಘಂಟಿನಲ್ಲಿ ನೋಡುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ, ಅಗತ್ಯವೂ ಇಲ್ಲ. ಒಬ್ಬೊಬ್ಬರ ಬೆರಳು ತಪ್ಪುವುದು ಕೆಲವೇ ಜೋಡಿಗಳಲ್ಲಿ. ಅವನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ. ಬರಹ ಮುಗಿದ ಮೇಲೆ Ctrl+F ಒತ್ತಿ, ಚೀಟಿಯ ಪದಗಳನ್ನು ಒಂದೊಂದಾಗಿ ಹುಡುಕಿ, ಸಿಕ್ಕ ಕಡೆಯೆಲ್ಲ ಇಡೀ ವಾಕ್ಯ ಓದಿ. ಸಂಘಸಂಸ್ಥೆಗಳ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ: ಈ ಸಲದ ಆಹ್ವಾನ ಪತ್ರಿಕೆಯ ಪ್ರೂಫ್ ಬಂದಾಗ ಮೊದಲು ‘ಪ್ರಧಾನ’ ಎಲ್ಲಿದೆ ಎಂದು ನೋಡಿ, ಆಮೇಲೆ ಅತಿಥಿಗಳ ಹೆಸರು ನೋಡಿ.