ಕೂತಾಗ ಸರಿಯಿದ್ದ ಬಿಪಿ

ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ ಎಂದು ಹೇಳಿಕೊಂಡು ಬರುವವರನ್ನು ನಮ್ಮ ಬಹುತೇಕ ಕ್ಲಿನಿಕ್‌ಗಳಲ್ಲಿ ಸ್ಟೂಲಿನ ಮೇಲೆ ಕೂರಿಸಿ ಬಿಪಿ ನೋಡುತ್ತಾರೆ. ತೊಂದರೆ ಇರುವುದು ನಿಂತಾಗ, ಅಳತೆ ಆಗುವುದು ಕೂತಾಗ. 130/80 ಬಂದರೆ ‘ಬಿಪಿ ನಾರ್ಮಲ್ ಇದೆ’ ಎಂದು ತಲೆಸುತ್ತಿನ ಮಾತ್ರೆ ಬರೆಯುತ್ತಾರೆ. 100/70 ಬಂದರೆ ‘ಬಿಪಿ ಲೋ’ ಎಂದು ಗ್ಲೂಕೋಸ್ ಬಾಟ್ಲಿ ಏರಿಸುತ್ತಾರೆ. ಎರಡರಲ್ಲೂ ಕಾರಣ ಹುಡುಕುವ ಕೆಲಸ ಬಾಕಿಯೇ ಉಳಿಯುತ್ತದೆ. ಹೊರಗೆ ಐವತ್ತು ಜನ ಕಾದಿರುವ ವೈದ್ಯರ ಅವಸರ ನನಗೆ ಅರ್ಥವಾಗುತ್ತದೆ. ಆದರೂ ಈ ರೂಢಿ ತಪ್ಪು. ಇದರಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವವರು ವಯಸ್ಸಾದವರು.

ಮಲಗಿದ್ದವರು ಎದ್ದು ನಿಂತಾಗ ಸುಮಾರು ಅರ್ಧ ಲೀಟರಿನಷ್ಟು ರಕ್ತ ಕಾಲು, ಹೊಟ್ಟೆಯ ಕಡೆಗೆ ಇಳಿಯುತ್ತದೆ. ಕತ್ತಿನ ರಕ್ತನಾಳದಲ್ಲಿರುವ ನರತುದಿಗಳು ಒತ್ತಡ ಇಳಿದದ್ದನ್ನು ತಕ್ಷಣ ಗುರುತಿಸುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಹೃದಯದ ಬಡಿತ ಏರುತ್ತದೆ, ಕೆಳಭಾಗದ ರಕ್ತನಾಳಗಳು ಬಿಗಿಯಾಗುತ್ತವೆ, ಮಿದುಳಿಗೆ ರಕ್ತ ತಪ್ಪುವುದಿಲ್ಲ. ಇದು ಸರಿಯಾಗಿ ನಡೆಯಬೇಕಾದರೆ ನಾಳಗಳಲ್ಲಿ ಸಾಕಷ್ಟು ರಕ್ತ ಇರಬೇಕು, ನಾಳಗಳು ಬಿಗಿಯಾಗುವ ಸ್ಥಿತಿಯಲ್ಲಿರಬೇಕು, ಆಜ್ಞೆ ಒಯ್ಯುವ ನರಗಳು ಚೆನ್ನಾಗಿರಬೇಕು. ವಾಂತಿ, ಭೇದಿ, ಬಿಸಿಲು ಮೊದಲನೆಯದನ್ನು ಕೆಡಿಸುತ್ತವೆ. ಹಲವು ಮಾತ್ರೆಗಳು ಎರಡನೆಯದನ್ನು ಕೆಡಿಸುತ್ತವೆ. ಬಹಳ ವರ್ಷದ ಸಕ್ಕರೆ ಕಾಯಿಲೆ ಮತ್ತು ಪಾರ್ಕಿನ್ಸನ್ ಕಾಯಿಲೆ ನರಗಳನ್ನೇ ಹಾಳುಮಾಡುತ್ತವೆ.

ಯಾವುದು ಕೆಟ್ಟಿದೆ ಎಂದು ತಿಳಿಯಲು ದುಬಾರಿ ಸ್ಕ್ಯಾನಿಂಗ್ ಬೇಕಿಲ್ಲ. ಐದು ನಿಮಿಷ ಮಲಗಿಸಿ ಬಿಪಿ ಮತ್ತು ನಾಡಿ ಬರೆದುಕೊಳ್ಳಬೇಕು. ಆಮೇಲೆ ಎದ್ದು ನಿಲ್ಲಿಸಿ ಒಂದನೇ ನಿಮಿಷಕ್ಕೊಮ್ಮೆ, ಮೂರನೇ ನಿಮಿಷಕ್ಕೊಮ್ಮೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ, ನಿಂತಾಗ ರಕ್ತದೊತ್ತಡ ಕುಸಿಯುತ್ತಿದೆ ಎಂದರ್ಥ. 1996ರಲ್ಲಿ ತಜ್ಞರು ಒಪ್ಪಿ ನಿಗದಿಪಡಿಸಿದ ಅಳತೆ ಇದು. ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರಿರಬೇಕು, ಅಷ್ಟೇ. ಮಲಗುವ ಐದು ನಿಮಿಷ ಕ್ಲಿನಿಕ್ಕಿನ ಬೇರೆ ಮಂಚದ ಮೇಲೆ ಕಳೆಯಬಹುದು, ಅಳತೆಯನ್ನು ನರ್ಸ್ ಮಾಡಬಹುದು.

ರಾಯಚೂರಿನ ಕಡೆಯ, ಅರವತ್ತೆಂಟು ವಯಸ್ಸಿನ ಒಬ್ಬ ನಿವೃತ್ತ ಮೇಷ್ಟ್ರನ್ನು ಊಹಿಸಿಕೊಳ್ಳೋಣ. ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಝೈಡ್ ಸೇರಿದ ಮಾತ್ರೆ ನುಂಗುತ್ತಾರೆ. ಮೂತ್ರ ಕಟ್ಟುತ್ತದೆಂದು ರಾತ್ರಿ ಟ್ಯಾಮ್ಸುಲೋಸಿನ್ ಇದೆ. ಸಕ್ಕರೆಗೆ ಇತ್ತೀಚೆಗೆ ಡಪಾಗ್ಲಿಫ್ಲೋಝಿನ್ ಸೇರಿದೆ. ಮೂರನ್ನೂ ಬರೆದವರು ಬೇರೆ ಬೇರೆ ವೈದ್ಯರು. ಮೇ ತಿಂಗಳಲ್ಲಿ ಎರಡು ದಿನ ಭೇದಿಯಾಗಿದೆ. ಪದೇ ಪದೇ ಏಳಬೇಕಾಗುತ್ತದೆಂದು ಸಂಜೆಯ ಮೇಲೆ ನೀರನ್ನೂ ಮುಟ್ಟುವುದಿಲ್ಲ. ಬೆಳಗಿನ ಜಾವ ಬಚ್ಚಲಿಗೆ ಹೋಗಲೆಂದು ಎದ್ದವರು ಬಾಗಿಲ ಹತ್ತಿರ ಕುಸಿಯುತ್ತಾರೆ.

ಕೂತಾಗ ಅವರ ಬಿಪಿ 128/80, ಯಾರು ನೋಡಿದರೂ ಸರಿ ಎನ್ನುವ ಅಂಕಿ. ಮಲಗಿದಾಗ 138/82, ನಾಡಿ 76. ನಿಂತ ಒಂದು ನಿಮಿಷಕ್ಕೆ 108/70, ಮೂರು ನಿಮಿಷಕ್ಕೆ 104/68, ನಾಡಿ 98. ಮೇಲಿನ ಅಂಕಿ 34 ಇಳಿದಿದೆ, ನಾಡಿ 22 ಏರಿದೆ. ಈ ನಾಡಿಯೇ ಇಲ್ಲಿ ಮುಖ್ಯ. ನರಗಳು ಆಜ್ಞೆ ಕೊಡುತ್ತಿವೆ, ಹೃದಯ ಓಡುತ್ತಿದೆ, ಆದರೆ ತುಂಬಿಕೊಳ್ಳಲು ರಕ್ತ ಸಾಲದು, ನಾಳಗಳು ಬಿಗಿಯುತ್ತಿಲ್ಲ. ಥಯಝೈಡ್ ಉಪ್ಪನ್ನೂ ನೀರನ್ನೂ ಮೂತ್ರದಲ್ಲಿ ಹೊರಹಾಕುತ್ತದೆ. ಡಪಾಗ್ಲಿಫ್ಲೋಝಿನ್ ಸಕ್ಕರೆಯ ಜೊತೆ ನೀರನ್ನು ಸೆಳೆದೊಯ್ಯುತ್ತದೆ. ಟ್ಯಾಮ್ಸುಲೋಸಿನ್ ಪ್ರಾಸ್ಟೇಟ್ ಸಡಿಲಿಸುವ ದಾರಿಯಲ್ಲೇ ರಕ್ತನಾಳಗಳನ್ನೂ ಒಂದಿಷ್ಟು ಸಡಿಲಿಸುತ್ತದೆ. ಒಂದೊಂದೂ ಸರಿಯಾದ ಮಾತ್ರೆಯೇ. ಭೇದಿಯ ದಿನ ಮೂರೂ ಒಟ್ಟಿಗೆ ಸೇರಿದ್ದೇ ತೊಂದರೆ. ವೈದ್ಯರು ಭೇದಿ ನಿಲ್ಲುವವರೆಗೆ ಡಪಾಗ್ಲಿಫ್ಲೋಝಿನ್ ನಿಲ್ಲಿಸಿ, ಥಯಝೈಡ್ ಇಲ್ಲದ ಬಿಪಿ ಮಾತ್ರೆಗೆ ಬದಲಿಸಿ, ಓಆರ್‌ಎಸ್ ಕುಡಿಸಿ, ವಾರದ ನಂತರ ಮತ್ತೆ ನಿಲ್ಲಿಸಿ ಅಳೆದರೆ ಅರ್ಧ ದಾರಿ ಮುಗಿದಂತೆ. ರೋಗಿಯೇ ಎಲ್ಲವನ್ನೂ ಬಿಟ್ಟುಬಿಟ್ಟರೆ ಬಿಪಿ, ಸಕ್ಕರೆ ಎರಡೂ ಏರಿ ಬೇರೆ ಅಪಾಯ ಬರುತ್ತದೆ.

ಇದೇ ಮೇಷ್ಟ್ರಿಗೆ ರೂಢಿಯ ಚಿಕಿತ್ಸೆ ಏನು ಕೊಡುತ್ತಿತ್ತು? ಬರಿಯ ಶೇಕಡಾ 5ರ ಗ್ಲೂಕೋಸ್ ಬಾಟ್ಲಿಯಲ್ಲಿ ಉಪ್ಪಿಲ್ಲ. ಸಕ್ಕರೆ ಬೇಗ ಬಳಕೆಯಾಗುತ್ತದೆ, ಉಳಿದ ನೀರು ದೇಹದ ಎಲ್ಲ ಜೀವಕೋಶಗಳಿಗೂ ಹಂಚಿಹೋಗುತ್ತದೆ. ಒಂದು ಲೀಟರ್ ಏರಿಸಿದರೆ ರಕ್ತನಾಳದಲ್ಲಿ ಉಳಿಯುವುದು ಅದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಉಪ್ಪುನೀರಿನ ಸಲೈನ್ ಆದರೆ ಸುಮಾರು ಕಾಲುಭಾಗ ಉಳಿಯುತ್ತದೆ. ವಾಂತಿ ನಿಲ್ಲದೆ ಬಾಯಿಂದ ಕುಡಿಯಲಾಗದವರಿಗೆ ಸಲೈನ್ ನಿಜಕ್ಕೂ ಪ್ರಾಣ ಉಳಿಸುತ್ತದೆ. ಆದರೆ ಕುಡಿಯಬಲ್ಲವರಿಗೆ ಒಂದು ಲೀಟರ್ ನೀರಿನಲ್ಲಿ ಕಲಸಿದ ಓಆರ್‌ಎಸ್ ಪೊಟ್ಟಣ ಸಾಕು. ಸಕ್ಕರೆ ಕಾಯಿಲೆಯವರ ತೋಳಿಗೆ ‘ಶಕ್ತಿ ಬರಲಿ’ ಎಂದು ಗ್ಲೂಕೋಸ್ ಚುಚ್ಚುವುದನ್ನು ಯಾವ ರೀತಿಯಲ್ಲೂ ಸಮರ್ಥಿಸಲಾಗದು.

ತಲೆಸುತ್ತಿನ ಮಾತ್ರೆಯ ಕಥೆ ಇನ್ನೂ ಗಂಭೀರ. ಆ ಹೆಸರಿನಲ್ಲಿ ಬರೆಯುವ ಪ್ರೋಕ್ಲೋರ್‌ಪೆರಝೀನ್ ತಾನೇ ನಿಂತಾಗಿನ ಬಿಪಿಯನ್ನು ಇಳಿಸುತ್ತದೆ. ತಿಂಗಳುಗಟ್ಟಲೆ ನುಂಗಿದ ವೃದ್ಧರಲ್ಲಿ ಕೈ ನಡುಕ, ನಡಿಗೆಯ ಬಿಗಿತವನ್ನೂ ತರಬಲ್ಲದು. ಇಂಥ ಮಾತ್ರೆಗಳಿಗೆ ಜಾಗ ಇರುವುದು ಒಳಕಿವಿಯ ತೊಂದರೆಯಿಂದ ಕೋಣೆಯೇ ಗಿರಗಿರ ತಿರುಗಿದಂತಾದಾಗ, ಅದೂ ಕೆಲವೇ ದಿನ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ, ಮಲಗಲು ಹೋದರೆ ಸುತ್ತು ಬರುವುದು ಕಿವಿಯದ್ದು. ನಿಂತಾಗ ಬಂದು, ಕೂತರೆ ಅಥವಾ ಮಲಗಿದರೆ ಹೋಗುವುದು ರಕ್ತದೊತ್ತಡದ್ದು. ರೋಗಿಯನ್ನು ಈ ಒಂದು ಪ್ರಶ್ನೆ ಕೇಳದೆ ಮಾತ್ರೆ ಬರೆಯುವುದು ಕಣ್ಣುಮುಚ್ಚಿ ಕೊಟ್ಟಂತೆ.

ನಿಂತು ಅಳೆಯುವ ಪರೀಕ್ಷೆಗೂ ಮಿತಿಗಳಿವೆ. ಕೆಲವು ಯುವಕರಿಗೆ ಥಟ್ಟನೆ ಎದ್ದಾಗ ಮೊದಲ ಹದಿನೈದು ಸೆಕೆಂಡಿನೊಳಗೆ ಬಿಪಿ ಇಳಿದು ಮತ್ತೆ ಏರಿಬಿಡುತ್ತದೆ. ಪಟ್ಟಿ ಗಾಳಿ ತುಂಬಿ ಓದುವಷ್ಟರಲ್ಲಿ ಅದು ಸಿಕ್ಕುವುದಿಲ್ಲ. ಬೆಳಿಗ್ಗೆ ಕುಸಿಯುವ ಬಿಪಿ ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಸರಿಯಾಗಿ ಕಾಣಬಹುದು. ಹಾಗಾಗಿ ಮನೆಯಲ್ಲಿ ಮಿಷನ್ ಇದ್ದವರು ಹಾಸಿಗೆಯಿಂದ ಏಳುವ ಮುನ್ನ ಮತ್ತು ಎದ್ದು ನಿಂತ ಮೇಲೆ ನೋಡಿ ಬರೆದಿಟ್ಟ ಚೀಟಿ ಬಹಳ ಬೆಲೆಬಾಳುತ್ತದೆ. ಮಲ ಟಾರಿನಂತೆ ಕಪ್ಪಗಿದ್ದರೆ, ಅದರಲ್ಲೂ ಮಂಡಿನೋವಿನ ಮಾತ್ರೆ ಅಥವಾ ಆಸ್ಪಿರಿನ್ ತೆಗೆದುಕೊಳ್ಳುವವರಲ್ಲಿ, ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಆಗ ಚೀಟಿ ಬರೆಯುತ್ತ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಕೂಡ ಹಾಗೆಯೇ.

ಬಿಪಿ 30 ಇಳಿದರೂ ನಾಡಿ ನಾಲ್ಕೈದಷ್ಟೇ ಏರಿದರೆ ದಾರಿ ಬೇರೆ. ಆಗ ಕೆಟ್ಟಿರುವುದು ನರಗಳಿರಬಹುದು. ಹೃದಯದ ಬಡಿತ ಇಳಿಸುವ ಅಟೆನೊಲಾಲ್‌ನಂಥ ಮಾತ್ರೆಯೂ ಇದೇ ಚಿತ್ರ ಕೊಡಬಲ್ಲದು, ಅದನ್ನು ಮೊದಲು ಕೇಳಿಕೊಳ್ಳಬೇಕು. ನರಗಳೇ ಸೋತವರಿಗೆ ಏಳುವ ಮುನ್ನ ಎರಡು ಲೋಟ ನೀರು ಗಟಗಟ ಕುಡಿದರೆ, ಕಾಲಿನ ಮೀನಖಂಡ ಬಿಗಿಹಿಡಿದು ನಿಂತರೆ ಕೆಲಹೊತ್ತು ಬಿಪಿ ನಿಲ್ಲುತ್ತದೆ. ಉಪ್ಪು ಹೆಚ್ಚು ತಿನ್ನಿ ಎಂಬ ಸಲಹೆಯನ್ನು ಮಾತ್ರ ಎಚ್ಚರದಿಂದ ಕೊಡಬೇಕು. ಇವರಲ್ಲಿ ಅನೇಕರಿಗೆ ನಿಂತಾಗ 95 ಇರುವ ಬಿಪಿ ಮಲಗಿದಾಗ 170 ದಾಟುತ್ತದೆ, ರಾತ್ರಿಯಿಡೀ ಹಾಗೇ ಇರುತ್ತದೆ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಅರ್ಧ ಅಡಿ ಇಟ್ಟಿಗೆ ಇಟ್ಟು ಮಲಗಿಸುವುದು ಆ ಏರಿಕೆಯನ್ನು ತಗ್ಗಿಸಲೆಂದೇ.