ಜೋಯಿಡಾದಿಂದ ಹೊರಟ ಷಟ್ಪದಿ

ರಾಜ್ಯ, ರಾಜಧಾನಿಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಕಂಠಪಾಠ ಮಾಡಿದ ಮಗುವಿಗೆ ನಕ್ಷೆ ತೋರಿಸಿದರೆ ತಡಕಾಡುತ್ತದೆ. ರಾಜ್ಯಗಳನ್ನು ಗುಂಪು ಮಾಡಿ ಕಲಿಸುವುದಾದರೆ ಮಕ್ಕಳು ಕೂತ ಜಾಗದಿಂದಲೇ ಶುರುಮಾಡಬೇಕು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಆರು-ಏಳನೇ ತರಗತಿಯವರಿಗೆ ಗೋವಾ ಪಕ್ಕದ ಮನೆ. ಜೋಯಿಡಾ ತಾಲೂಕಿನ ಗಡಿಯೇ ಗೋವಾಕ್ಕೆ ತಾಗಿದೆ. ಅಲ್ಲಿಂದ ಗಡಿಯಾರದ ಮುಳ್ಳಿನಂತೆ ಕರ್ನಾಟಕವನ್ನು ಸುತ್ತಿದರೆ ಆರು ನೆರೆರಾಜ್ಯಗಳು ಸಿಗುತ್ತವೆ. ಆರು ರಾಜ್ಯ ಎಂದಮೇಲೆ ಆರು ಸಾಲಿನ ಭಾಮಿನಿ ಷಟ್ಪದಿ ಇದ್ದೇ ಇದೆಯಲ್ಲ! ಈ ವಾರ ಕಟ್ಟಿದ್ದು ಇದು:

ನೆರೆಯ ಗೋವೆಗೆ ಹೊಳೆಯ ಪಣಜಿಯು
ಮಹಾರಾಷ್ಟ್ರಕೆ ದೊಡ್ಡ ಮುಂಬಯಿ
ತೆಲಂಗಾಣಕೆ ಹೈದರಾಬಾದ್ ಮೂಸಿ ನದಿಯೂರು
ಆಂಧ್ರ ಅಮರಾವತಿಯ ನಾಡದು
ತಮಿಳುನಾಡಿಗೆ ಕಡಲ ಚೆನ್ನೈ
ಕೇರಳಕ್ಕೇ ತಿರುವನಂತಪುರವದು ಕಟ್ಟಕಡೆ

ಭಾಮಿನಿಯ ನಡಿಗೆ ಮೂರು ಮಾತ್ರೆ, ನಾಲ್ಕು ಮಾತ್ರೆ. ‘ತೆಲಂ-ಗಾಣಕೆ-ಹೈದ-ರಾಬಾದ್’ ಎಂದು ಚಪ್ಪಾಳೆ ತಟ್ಟಿ ನೋಡಿ, ಹೆಸರುಗಳು ತಾವಾಗಿಯೇ ಗಣಕ್ಕೆ ಬಂದು ಕೂರುತ್ತವೆ. ಮೂರು ಮತ್ತು ಆರನೇ ಸಾಲು ಉದ್ದ. ತಿರುವನಂತಪುರದಂಥ ಹೆಸರಿಗೆ ಜಾಗ ಸಿಗುವುದು ಅಲ್ಲಿಯೇ. ಷಟ್ಪದಿಗೆ ಬೇಕಾದ ಆದಿಪ್ರಾಸವನ್ನು ಮಾತ್ರ ಬಿಟ್ಟಿದ್ದೇನೆ. ಪ್ರಾಸಕ್ಕಾಗಿ ಊರಿನ ಹೆಸರು ತಿದ್ದುವಂತಿಲ್ಲ, ಸಾಲಿನ ಕ್ರಮ ಬದಲಿಸಿದರೆ ನಕ್ಷೆಯ ದಾರಿಯೇ ತಪ್ಪುತ್ತದೆ.

ನಾಲ್ಕನೇ ಸಾಲಿಗೆ ಮೊದಲು ಬಂದದ್ದು ‘ಆಂಧ್ರಕಮರಾವತಿಯು’. ಮಾತ್ರೆ ಸರಿಯಿತ್ತು. ಆದರೆ ಸಂಧಿಯಲ್ಲಿ ಅಕಾರ ಮುಳುಗಿ ಮಗುವಿನ ಕಿವಿಗೆ ‘ಕಮರಾವತಿ’ ಎಂದೇ ಬೀಳುತ್ತದೆ, ಪರೀಕ್ಷೆಯಲ್ಲೂ ಹಾಗೇ ಬರೆಯುತ್ತದೆ. ಮನೆಯಲ್ಲಿ ಕೊಂಕಣಿ, ಮರಾಠಿ ಆಡುವ ಮಕ್ಕಳು ಹೆಚ್ಚಿರುವ ಈ ಕಡೆ ಸಂಧಿ ಬಿಡಿಸಿಟ್ಟರೇ ಕ್ಷೇಮ. ಇನ್ನೊಂದು ಎಚ್ಚರ: 2014ಕ್ಕೂ ಹಿಂದಿನ ಪದ್ಯ ಕಲಿಸಿದರೆ ಹೈದರಾಬಾದು ಆಂಧ್ರದ ಪಾಲಿಗೆ ಹೋಗುತ್ತದೆ. ಆ ವರ್ಷ ತೆಲಂಗಾಣ ಬೇರೆಯಾಯಿತು. 2024ರ ಜೂನ್‌ವರೆಗೆ ಹೈದರಾಬಾದು ಎರಡಕ್ಕೂ ರಾಜಧಾನಿಯಾಗಿತ್ತು, ಈಗ ತೆಲಂಗಾಣಕ್ಕೆ ಮಾತ್ರ.

ಪದ್ಯ ಬಂತು ಎಂದಾಕ್ಷಣ ಪಾಠ ಬಂತೆಂದಲ್ಲ. ‘ಚೆನ್ನೈ ಯಾವ ರಾಜ್ಯದ್ದು?’ ಎಂದು ಕೇಳಿ. ಮಗು ಗೋವೆಯಿಂದ ಗುನುಗತೊಡಗಿದರೆ ಅದಕ್ಕೆ ಸಿಕ್ಕಿರುವುದು ರಾಗ ಮಾತ್ರ, ಜೋಡಿಗಳಲ್ಲ. ಆಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕರ್ನಾಟಕ ಬರೆದು, ಸುತ್ತ ಆರು ಮಕ್ಕಳನ್ನು ಅವರವರ ದಿಕ್ಕಿಗೆ ನಿಲ್ಲಿಸಿ. ಮೊದಲು ವರಸೆಯಾಗಿ ಒಬ್ಬೊಬ್ಬರೂ ತಮ್ಮ ಸಾಲು ಹೇಳಲಿ, ಆಮೇಲೆ ನೀವು ಬೆರಳು ತೋರಿಸಿದವರು ಹೇಳಲಿ.

ಈಶಾನ್ಯದ ಗುಂಪಿಗೆ ಭಾಮಿನಿ ಒಗ್ಗದು. ಅರುಣಾ-ಚಲ, ಮಣಿಪುರ, ನಾಗಾ-ಲ್ಯಾಂಡ್ ಶುರುವಾಗುವುದೇ ನಾಲ್ಕು ಮಾತ್ರೆಯಿಂದ. ಅದಕ್ಕೆ ನಾಲ್ಕು-ನಾಲ್ಕರ ಚೌಪದಿಯೇ ಸರಿ. ಗುಂಪಿಗೊಂದು ಲಯ ಇದ್ದರೆ ಒಂದರ ರಾಜಧಾನಿ ಇನ್ನೊಂದಕ್ಕೆ ನುಸುಳುವುದೂ ಕಡಿಮೆ.